ಬಿಲ್ಲಿನ ಪೈಸೆ, ರಿಟರ್ನಿನ ರೂಪಾಯಿ: ತೆರಿಗೆ ಲೆಕ್ಕದಲ್ಲಿ ಸಮೀಪದ ಬೆಲೆಗೆ ತರುವ ಕ್ರಮ

ಮಹಾರಾಷ್ಟ್ರ ಮಂಡಳದ ಹತ್ತನೆಯ ಇಯತ್ತೆಯ ಗಣಿತ ಭಾಗ ಒಂದರಲ್ಲಿ ಆರ್ಥಿಕ ನಿಯೋಜನೆಯ ಪಾಠವಿದೆ. ಅದರಲ್ಲಿ ಸರಕು ಮತ್ತು ಸೇವಾ ತೆರಿಗೆಯ, ಅಂದರೆ ಜಿಎಸ್‌ಟಿಯ, ಲೆಕ್ಕಗಳು ಬರುತ್ತವೆ. ಪಾಠದ ಲೆಕ್ಕಗಳನ್ನು ಮಕ್ಕಳು ಸುಲಭವಾಗಿ ಬಿಡಿಸುತ್ತಾರೆ. ಏಕೆಂದರೆ ಇಂಥ ಲೆಕ್ಕಗಳಲ್ಲಿ ಬೆಲೆಗಳು ಬಹುಮಟ್ಟಿಗೆ ನೂರು, ಸಾವಿರಗಳಲ್ಲಿರುತ್ತವೆ. ಶೇಕಡಾ ಕಂಡುಹಿಡಿದಾಗ ಪೈಸೆಯ ಚೂರು ಉಳಿಯುವುದಿಲ್ಲ. ತೊಡಕು ಹುಟ್ಟುವುದು ವಿದ್ಯಾರ್ಥಿಯು ತನ್ನ ಮನೆಯ ಕಿರಾಣಿ ಬಿಲ್ಲನ್ನು ತರಗತಿಗೆ ತಂದಾಗ. ತರಬೇತಿಯೊಂದರಲ್ಲಿ ಶಿಕ್ಷಕಿಯೊಬ್ಬರು ಹೇಳಿದ ಮಾತು ನನ್ನ ನೆನಪಿನಲ್ಲಿದೆ: "ಸರ್, ಹುಡುಗ ಗುಣಾಕಾರ ಸರಿಯಾಗಿಯೇ ಮಾಡಿದ. ಬಿಲ್ಲಿನಲ್ಲಿ ಒಂದು ಪೈಸೆ ಹೆಚ್ಚಿದೆ. ಅಂಗಡಿಯವರು ಮೋಸ ಮಾಡಿದ್ದಾರೆ ಅಂತ ಅವನ ವಾದ. ನನಗೆ ಉತ್ತರ ಹೊಳೆಯಲಿಲ್ಲ."

ಆ ಒಂದು ಪೈಸೆಯ ಉತ್ತರವನ್ನು ಇಲ್ಲಿ ಒಂದೇ ಉದಾಹರಣೆಯ ಮೂಲಕ ನೋಡೋಣ. ಚಹಾಪುಡಿಗೆ ಶೇಕಡಾ 5ರ ದರದಲ್ಲಿ ತೆರಿಗೆಯಿದೆ. ಒಂದು ಪೊಟ್ಟಣದ ತೆರಿಗೆರಹಿತ ಬೆಲೆ 37 ರೂಪಾಯಿ ಎಂದಿಟ್ಟುಕೊಳ್ಳೋಣ. 37ರ ಶೇಕಡಾ 5 ಎಂದರೆ 1 ರೂಪಾಯಿ 85 ಪೈಸೆ. ಹುಡುಗನ ಲೆಕ್ಕ ಇದು. ಆದರೆ ಒಂದೇ ರಾಜ್ಯದೊಳಗಿನ ಮಾರಾಟದಲ್ಲಿ ಈ ತೆರಿಗೆಯು ಒಂದೇ ಇಡಿಯಾಗಿ ಬೀಳುವುದಿಲ್ಲ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ ಸಲ್ಲುತ್ತದೆ. ಬಿಲ್ಲಿನಲ್ಲಿ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂದು ಎರಡು ಸಾಲುಗಳಾಗಿ ಕಾಣುವುದು ಅದೇ. ಪ್ರತಿಯೊಂದೂ 37ರ ಶೇಕಡಾ 2.5, ಅಂದರೆ 0.925 ರೂಪಾಯಿ. ತೊಂಬತ್ತೆರಡೂವರೆ ಪೈಸೆಯನ್ನು ಬಿಲ್ಲಿನಲ್ಲಿ ಮುದ್ರಿಸಲು ಬರುವುದಿಲ್ಲ. ಎರಡು ದಶಾಂಶ ಸ್ಥಾನಕ್ಕೆ ತಂದಾಗ ಅದು 0.93 ಆಗುತ್ತದೆ. ಎರಡು ಸಾಲು ಸೇರಿ 1.86. ಹೆಚ್ಚಾದ ಒಂದು ಪೈಸೆಯು ಮೋಸದ್ದಲ್ಲ. ಒಂದೇ ಮೊತ್ತವನ್ನು ಎರಡು ಭಾಗ ಮಾಡಿ, ಎರಡನ್ನೂ ಬೇರೆಬೇರೆಯಾಗಿ ಮೇಲಕ್ಕೆ ಎತ್ತಿದ್ದರಿಂದ ಬಂದದ್ದು. ಮೊದಲು ಕೂಡಿಸಿ ಆಮೇಲೆ ಸಮೀಪಕ್ಕೆ ತರುವುದೂ, ಮೊದಲು ಸಮೀಪಕ್ಕೆ ತಂದು ಆಮೇಲೆ ಕೂಡಿಸುವುದೂ ಒಂದೇ ಅಲ್ಲ ಎಂಬುದೇ ಈ ಪಾಠದ ತಿರುಳು. ಮುಂದಿನ ವ್ಯತ್ಯಾಸಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ.

ಈಗ ಬಿಲ್ಲಿನ ಕೊನೆಯ ಸಾಲಿಗೆ ಬರೋಣ. 37 ಕೂಡಿಸು 1.86, ಒಟ್ಟು 38.86. ಹದಿನಾಲ್ಕು ಪೈಸೆ ಚಿಲ್ಲರೆಯನ್ನು ಹಿಂದಿರುಗಿಸುವವರು ಯಾರೂ ಇಲ್ಲ. ಆದ್ದರಿಂದ ಅಂಗಡಿಯವರು 39 ರೂಪಾಯಿ ಪಡೆಯುತ್ತಾರೆ. ಬಿಲ್ಲಿನಲ್ಲಿ ರೌಂಡ್ ಆಫ್ ಎಂಬ ಹೆಸರಿನಲ್ಲಿ 0.14 ಎಂಬ ಸಾಲು ಮೂಡುತ್ತದೆ. ಈ 14 ಪೈಸೆ ತೆರಿಗೆಯೂ ಅಲ್ಲ, ಸರಕಿನ ಬೆಲೆಯೂ ಅಲ್ಲ. ಕೊಡುಕೊಳ್ಳುವ ಅನುಕೂಲಕ್ಕಾಗಿ ಕೊನೆಯ ಮೊತ್ತವನ್ನು ಸರಿಪಡಿಸಿದ ಸಾಲು ಅಷ್ಟೆ. ಬಿಲ್ಲು ಓದಿಸುವಾಗ ಮಕ್ಕಳಿಂದ ಈ ಸಾಲನ್ನು ಬೇರೆ ಬಣ್ಣದಲ್ಲಿ ಗುರುತು ಹಾಕಿಸುವುದು ಒಳ್ಳೆಯದು. ಏಕೆಂದರೆ ಒಂದೇ ಬಿಲ್ಲಿನಲ್ಲಿ ಎರಡು ಸಲ ಸಮೀಪಕ್ಕೆ ತಂದಿದ್ದಾರೆ: ತೆರಿಗೆಯನ್ನು ಪೈಸೆಗೆ, ಒಟ್ಟು ಮೊತ್ತವನ್ನು ರೂಪಾಯಿಗೆ. ಎರಡರ ಪರಿಣಾಮವೂ ಬೇರೆ.

ಒಂದು ತಿಂಗಳಲ್ಲಿ ಇಂಥ 400 ಬಿಲ್ಲುಗಳಾದವು, ಪ್ರತಿ ಬಿಲ್ಲಿನಲ್ಲೂ ಒಂದೇ ಪೊಟ್ಟಣ ಎಂದು ಭಾವಿಸೋಣ. ಪೆಟ್ಟಿಗೆಗೆ ಬಂದ ಹಣ 400 ಸಲ 39, ಅಂದರೆ 15,600 ರೂಪಾಯಿ. ಮಾರಿದ ಸರಕಿನ ತೆರಿಗೆರಹಿತ ಮೌಲ್ಯ 14,800. ತಿಂಗಳ ಕೊನೆಗೆ ರಿಟರ್ನು ಸಿದ್ಧಪಡಿಸುವವರು ಏನು ಮಾಡುತ್ತಾರೆ? ನೋಂದಣಿಯಿಲ್ಲದ ಸಾಮಾನ್ಯ ಗಿರಾಕಿಗಳಿಗೆ ಮಾಡಿದ ಇಂಥ ಚಿಕ್ಕ ಮಾರಾಟಗಳನ್ನು GSTR-1ರಲ್ಲಿ ಬಿಲ್ಲುಬಿಲ್ಲಾಗಿ ತೋರಿಸುವುದಿಲ್ಲ. ದರವಾರು ಒಟ್ಟು ಮೊತ್ತವಾಗಿ ತೋರಿಸುತ್ತಾರೆ. ಆಗ 14,800ನ್ನು ನೇರವಾಗಿ ಶೇಕಡಾ 2.5ರಿಂದ ಗುಣಿಸಿದರೆ 370 ರೂಪಾಯಿ, ಎರಡೂ ತೆರಿಗೆ ಸೇರಿ 740. ಹೀಗೆ ರಿಟರ್ನಿನ ಪ್ರಕಾರ ಮೌಲ್ಯ ಮತ್ತು ತೆರಿಗೆ ಕೂಡಿ 15,540 ರೂಪಾಯಿ. ಪೆಟ್ಟಿಗೆಯಲ್ಲಿ 15,600 ಇದೆ. 60 ರೂಪಾಯಿ ಎಲ್ಲಿಂದ ಬಂತು?

ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಮಕ್ಕಳು ಸಾಮಾನ್ಯವಾಗಿ ಒಂದೇ ಕಾರಣವನ್ನು ಹುಡುಕುತ್ತಾರೆ. ಇಲ್ಲಿ ಕಾರಣಗಳು ಎರಡು. ಮೊದಲನೆಯದು ರೌಂಡ್ ಆಫ್ ಸಾಲು: 400 ಸಲ 14 ಪೈಸೆ, 56 ರೂಪಾಯಿ. ಇದು ಅಂಗಡಿಯ ಲೆಕ್ಕಪುಸ್ತಕದಲ್ಲಿ ಬೇರೆ ಖಾತೆಗೆ ಹೋಗಬೇಕಾದ ಹಣ. ಉಳಿದ 4 ರೂಪಾಯಿ ತೆರಿಗೆಯೊಳಗಿನದು. ಬಿಲ್ಲುಗಳಲ್ಲಿ ಮುದ್ರಿಸಿ ವಸೂಲು ಮಾಡಿದ ತೆರಿಗೆ 400 ಸಲ 1.86, ಅಂದರೆ 744. ರಿಟರ್ನಿನಲ್ಲಿ 740.

ಈ 4 ರೂಪಾಯಿಯನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ. ತೆರಿಗೆಯೆಂದು ಹೇಳಿ ಗಿರಾಕಿಯಿಂದ ಪಡೆದ ಹಣವನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕೆಂದು 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 76ನೆಯ ಕಲಂ ಹೇಳುತ್ತದೆ. ಆದ್ದರಿಂದ ಒಟ್ಟು ಮೌಲ್ಯವನ್ನು ಮತ್ತೆ ದರದಿಂದ ಗುಣಿಸುವ ಬದಲು, ಬಿಲ್ಲುಗಳಲ್ಲಿರುವ ತೆರಿಗೆಯನ್ನೇ ಕೂಡಿಸಿ 372 ಮತ್ತು 372 ಎಂದು ತೋರಿಸುವುದು ಸರಿಯಾದ ಕ್ರಮವೆಂಬುದು ನನ್ನ ಅಭಿಪ್ರಾಯ. ಬಿಲ್ಲು ಮೂಲ ದಾಖಲೆ; ರಿಟರ್ನು ಅದರ ಸಂಕಲನ.

ಇನ್ನು ಕಾಯ್ದೆಯೇ ಹೇಳಿರುವ ಪೂರ್ಣಾಂಕದ ನಿಯಮ. ಅದೇ ಕಾಯ್ದೆಯ 170ನೆಯ ಕಲಂ ಪ್ರಕಾರ ಸಲ್ಲಿಸಬೇಕಾದ ತೆರಿಗೆ, ಬಡ್ಡಿ, ದಂಡ, ಹಾಗೆಯೇ ಮರಳಿ ಬರಬೇಕಾದ ಮೊತ್ತ, ಇವೆಲ್ಲವನ್ನೂ ಸಮೀಪದ ರೂಪಾಯಿಗೆ ತರಬೇಕು. 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿಯಾಗಿ ಏರಿಸಬೇಕು, ಕಡಿಮೆಯಿದ್ದರೆ ಬಿಟ್ಟುಬಿಡಬೇಕು. ನಾವು ಐದು ಬಂದರೆ ಮೇಲಕ್ಕೆ ಎಂದು ಪ್ರಾಥಮಿಕ ತರಗತಿಯಲ್ಲಿ ಕಲಿಸುವ ನಿಯಮವೇ ಇದು. ಆದರೆ ಸಮೀಪದ ಯಾವ ಮಾನಕ್ಕೆ ತರಬೇಕೆಂಬುದು ಗಣಿತದ ಸ್ವಭಾವದಿಂದ ಬರುವುದಿಲ್ಲ, ಕಾನೂನಿನಿಂದ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಒಟ್ಟು ಆದಾಯವನ್ನೂ ತೆರಿಗೆಯನ್ನೂ ಹತ್ತು ರೂಪಾಯಿಯ ಸಮೀಪಕ್ಕೆ ತರುವ ನಿಯಮವಿತ್ತೆಂಬುದನ್ನು ಸಂಬಳದ ಲೆಕ್ಕ ತುಂಬುವ ನಾವೆಲ್ಲ ಬಲ್ಲೆವು.

ಈ ನಿಯಮವನ್ನು ಎಲ್ಲಿ ಪ್ರಯೋಗಿಸುತ್ತೇವೆ ಎಂಬುದರಿಂದ ಫಲ ಎಷ್ಟು ಬದಲಾಗುತ್ತದೆಂದು ನೋಡಿ. ಅದೇ ಪೊಟ್ಟಣದ 40 ಬಿಲ್ಲುಗಳನ್ನು ತೆಗೆದುಕೊಳ್ಳೋಣ. ಬಿಲ್ಲುಗಳ ಕೇಂದ್ರ ತೆರಿಗೆಯನ್ನು ಕೂಡಿಸಿದರೆ 37.20, ಕೊನೆಯಲ್ಲಿ ರೂಪಾಯಿಗೆ ತಂದರೆ 37. ಇಪ್ಪತ್ತು ಪೈಸೆ ಕಾಯ್ದೆಯ ಅನುಮತಿಯಿಂದಲೇ ಅಳಿಯಿತು. ಆದರೆ ಯಾರಾದರೂ ಪ್ರತಿ ಬಿಲ್ಲಿನ 93 ಪೈಸೆಯನ್ನೇ ಒಂದು ರೂಪಾಯಿ ಮಾಡಿ ಕೂಡಿಸಿದರೆ 40 ರೂಪಾಯಿಯಾಗುತ್ತದೆ. ಮೂರು ರೂಪಾಯಿ ಹೆಚ್ಚು. ಗಿರಾಕಿಯ ಮೇಲೆ ಬಿದ್ದ ಹೊರೆ ಇದು. ಆದ್ದರಿಂದಲೇ ಬಿಲ್ಲಿನ ತೆರಿಗೆಯನ್ನು ಪೈಸೆಯವರೆಗೆ ಇಟ್ಟುಕೊಂಡು, ರೂಪಾಯಿಗೆ ತರುವ ಕೆಲಸವನ್ನು ಕೊನೆಯ ಮೊತ್ತಕ್ಕೆ ಬಿಡುವುದು ಲೇಸು.

ವ್ಯತ್ಯಾಸವು ಸಮೀಪಕ್ಕೆ ತಂದದ್ದರಿಂದ ಆಯಿತೇ, ಬೇರೆ ತಪ್ಪಿನಿಂದ ಆಯಿತೇ ಎಂದು ತಿಳಿಯುವುದು ಹೇಗೆ? ಅದಕ್ಕೊಂದು ಮೇಲಿನ ಮಿತಿ ಇದೆ. ಪೈಸೆಯ ಸಮೀಪಕ್ಕೆ ಒಂದು ಸಲ ತಂದಾಗ ಆಗಬಹುದಾದ ಗರಿಷ್ಠ ದೋಷ ಅರ್ಧ ಪೈಸೆ. ಹಾಗಾದರೆ 400 ಸಲ ತಂದಾಗ ಹೆಚ್ಚೆಂದರೆ 200 ಪೈಸೆ, ಅಂದರೆ 2 ರೂಪಾಯಿ. ನಮ್ಮ ಉದಾಹರಣೆಯ ಕೇಂದ್ರ ತೆರಿಗೆಯಲ್ಲಿ ವ್ಯತ್ಯಾಸವು ಸರಿಯಾಗಿ ಈ ಮಿತಿಯನ್ನು ಮುಟ್ಟಿದೆ, ದಾಟಿಲ್ಲ. ಮುಟ್ಟಲು ಕಾರಣ, ಪ್ರತಿ ಬಿಲ್ಲೂ ಒಂದೇ ಬೆಲೆಯದಾಗಿ ದೋಷಗಳೆಲ್ಲ ಒಂದೇ ದಿಕ್ಕಿಗೆ ಬಿದ್ದದ್ದು. ಬೆಲೆಗಳು ಬೇರೆಬೇರೆಯಾಗಿದ್ದರೆ ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಹೋಗಿ ಬಹುಪಾಲು ಪರಸ್ಪರ ವಜಾ ಆಗುತ್ತವೆ. ಎರಡು ಪೊಟ್ಟಣ ಕೊಂಡ ಬಿಲ್ಲಿನಲ್ಲಿ 74ರ ಶೇಕಡಾ 2.5 ಸರಿಯಾಗಿ 1.85 ಆಗಿ ದೋಷವೇ ಇರುವುದಿಲ್ಲ. ಮೂರು ಕೊಂಡರೆ 2.775, ಮತ್ತೆ ಅರ್ಧ ಪೈಸೆ. ಬೆಸ ಸಂಖ್ಯೆಯ ಪೊಟ್ಟಣಗಳಲ್ಲಿ ಮಾತ್ರ ಹೀಗೇಕೆ ಆಗುತ್ತದೆಂದು ಮಕ್ಕಳೇ ಕಂಡುಕೊಳ್ಳಲಿ.

ವ್ಯತ್ಯಾಸವು ಈ ಮಿತಿಯನ್ನು ಮೀರಿದ್ದರೆ ಪೈಸೆಯನ್ನು ದೂರುವುದು ಸಲ್ಲದು. ಆಗ ಮೊದಲು ತೆರಿಗೆರಹಿತ ಮೌಲ್ಯವನ್ನು ಹೋಲಿಸಬೇಕು. ರಿಟರ್ನಿನಲ್ಲಿ 14,800ರ ಬದಲು 14,763 ಇದ್ದರೆ, ಕಡಿಮೆಯಾದದ್ದು 37 ರೂಪಾಯಿ, ಅಂದರೆ ಒಂದು ಬಿಲ್ಲು ಬಿಟ್ಟುಹೋಗಿದೆ. ಮೌಲ್ಯ ಹೊಂದಿಕೊಂಡು ತೆರಿಗೆ ಮಾತ್ರ ದೊಡ್ಡದಾಗಿ ತಪ್ಪಿದ್ದರೆ ದರ ತಪ್ಪಾಗಿರುವ ಸಂಭವವಿದೆ. ಬಿಟ್ಟ ಬಿಲ್ಲಿನ ತೆರಿಗೆ ಕೇವಲ 93 ಪೈಸೆಯಾದ್ದರಿಂದ, ತೆರಿಗೆಯ ಕಾಲಮ್ಮನ್ನಷ್ಟೇ ನೋಡಿದವರು ಅದನ್ನು ರೌಂಡ್ ಆಫ್ ಎಂದು ತಿಳಿದು ಬಿಟ್ಟುಬಿಡುವ ಅಪಾಯವಿದೆ. ಮೌಲ್ಯವನ್ನು ಮೊದಲು ನೋಡಬೇಕೆನ್ನುವುದು ಇದಕ್ಕಾಗಿಯೇ.

200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ, ನೋಂದಣಿಯಿಲ್ಲದ ಗಿರಾಕಿ ಕೇಳದಿದ್ದರೆ, ಬಿಲ್ಲು ಕೊಡದೆ ದಿನದ ಕೊನೆಗೆ ಒಂದೇ ಕ್ರೋಡೀಕೃತ ಬಿಲ್ಲು ಮಾಡಲು ಅವಕಾಶವಿದೆ. ದಿನಕ್ಕೆ 40 ಪೊಟ್ಟಣವಾದರೆ ಮೌಲ್ಯ 1,480, ಕೇಂದ್ರ ತೆರಿಗೆ ಸರಿಯಾಗಿ 37. ಅದೇ ಸರಕು, ಅದೇ ದರ. ದಾಖಲೆಯ ಬಗೆ ಬದಲಾದುದರಿಂದ ತೆರಿಗೆ ಬದಲಾಯಿತು.

ತೆರಿಗೆ ಸೇರಿದ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕುವಾಗ ಇನ್ನೊಂದು ವಿಚಿತ್ರ ಎದುರಾಗುತ್ತದೆ. ಶೇಕಡಾ 5ರ ತೆರಿಗೆ ಸೇರಿ 25 ರೂಪಾಯಿಯ ವಸ್ತು. 25ನ್ನು 1.05ರಿಂದ ಭಾಗಿಸಿದರೆ 23.8095, ಅಂದರೆ 23.81. ಅದರ ಶೇಕಡಾ 2.5 ಎಂದರೆ 0.59525, ಅಂದರೆ 0.60. ಮೂರನ್ನೂ ಕೂಡಿಸಿದರೆ 25.01. ಮುದ್ರಿತ ಬೆಲೆಗಿಂತ ಒಂದು ಪೈಸೆ ಹೆಚ್ಚು! ಇಲ್ಲಿ ಮೌಲ್ಯವೂ ಮೇಲಕ್ಕೆ ಹೋಯಿತು, ಎರಡು ತೆರಿಗೆಗಳೂ ಮೇಲಕ್ಕೆ ಹೋದವು. ಆದ್ದರಿಂದ ಬಿಲ್ಲಿನಲ್ಲಿ ಕೆಲವೊಮ್ಮೆ ರೌಂಡ್ ಆಫ್ ಸಾಲಿನ ಮುಂದೆ ಋಣ ಚಿಹ್ನೆಯೊಡನೆ 0.01 ಕಾಣುತ್ತದೆ.

ಗಣಕಯಂತ್ರವಿರುವ ಶಾಲೆಗಳಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಕ್ಸೆಲ್ ಹಾಳೆಯಲ್ಲಿ A ಕಾಲಮ್ಮಿನ 40 ಸಾಲುಗಳಲ್ಲಿ 37 ಬರೆದು, ಪಕ್ಕದಲ್ಲಿ ಮೊದಲನೆಯ ಸೂತ್ರ ಹಾಕಿ ಎರಡು ದಶಾಂಶ ತೋರುವಂತೆ ಮಾಡಿದರೆ ಪ್ರತಿ ಸಾಲಿನಲ್ಲೂ 0.93 ಕಾಣುತ್ತದೆ. ಆದರೂ ಮೊತ್ತ 37.00 ಬರುತ್ತದೆ, ಏಕೆಂದರೆ ಒಳಗೆ ಉಳಿದಿರುವುದು 0.925. ಎರಡನೆಯ ಸೂತ್ರ ಹಾಕಿದಾಗ ಮೊತ್ತ ಬಿಲ್ಲುಗಳಂತೆ 37.20 ಆಗುತ್ತದೆ.

```
=A1*2.5%
=ROUND(A1*2.5%,2)
```

ಎರಡು ಕಾಲಮ್ಮುಗಳನ್ನೂ ಅಕ್ಕಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸಿ, ಮೊದಲನೆಯದರ 0.93ಗಳನ್ನು ಕಾಗದದ ಮೇಲೆ ಕೈಯಿಂದ ಕೂಡಿಸಲು ಹೇಳಿ.