ಪಕ್ಕೆಫಲಕ ಎಣಿಸಿ ಕಡಲಾಮೆಯನ್ನು ಗುರುತಿಸುವುದು: ಒಂಬತ್ತನೇ ತರಗತಿಯ ಒಂದು ಪಾಠ

ಕುಂದಾಪುರ ಸಮೀಪದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ಪ್ರಾಣಿ ವರ್ಗೀಕರಣದ ಘಟಕಕ್ಕೆ ಪೂರಕವಾಗಿ ನಾನು ಈ ಪಾಠವನ್ನು ಮಾಡಿದೆ. ಅಲ್ಲಿನ ಮಕ್ಕಳಿಗೆ ಕಡಲಾಮೆ ಹೊಸದಲ್ಲ, ದಡಕ್ಕೆ ಬಂದು ಬಿದ್ದ ಸತ್ತ ಆಮೆಯನ್ನು ಹೆಚ್ಚಿನವರು ನೋಡಿದ್ದರು. ಆದರೆ ಯಾವ ಜಾತಿ ಎಂದು ಕೇಳಿದರೆ ಬಣ್ಣ ನೋಡಿ ಹೇಳುತ್ತಿದ್ದರು. ಬೂದು ಹಸಿರಾಗಿ ಕಂಡರೆ ‘ಹಸಿರು ಆಮೆ ಟೀಚರ್’ ಎನ್ನುವ ಉತ್ತರ ಸಿದ್ಧವಾಗಿರುತ್ತಿತ್ತು. ಹಸಿರು ಕಡಲಾಮೆಗೆ ಆ ಹೆಸರು ಬಂದದ್ದು ಅದರ ಕೊಬ್ಬಿನ ಬಣ್ಣದಿಂದ, ಚಿಪ್ಪಿನಿಂದಲ್ಲ. ನಮ್ಮ ದಡದಲ್ಲಿ ಹೆಚ್ಚಾಗಿ ಸಿಗುವ ಬೂದು ಹಸಿರಿನ ಆಮೆ ಆಲಿವ್ ರಿಡ್ಲೆ.

ಪಾಠಕ್ಕೆ ಬಳಸಿದ್ದು ಒಂದೇ ಆಮೆಯ ಮೂರು ಚಿತ್ರಗಳು: ಬೆನ್ನು, ತಲೆ, ಮುಂದಿನ ಈಜುಗಾಲು. ಅರಣ್ಯ ಇಲಾಖೆಯ ಸಿಬ್ಬಂದಿ ಸತ್ತ ಆಮೆಯನ್ನು ಪರಿಶೀಲಿಸುತ್ತಿದ್ದಾಗ ಅವರ ಅನುಮತಿ ಪಡೆದು ತೆಗೆದವು. ಅವರು ಟೇಪಿನಿಂದ ಅಳೆದ ಚಿಪ್ಪಿನ ಉದ್ದ 66 ಸೆಂ.ಮೀ. ಕಡಲಾಮೆಗಳಿಗೆ ಕಾನೂನಿನ ರಕ್ಷಣೆ ಇರುವುದರಿಂದ ಮಕ್ಕಳು ಆಮೆಯನ್ನು ಮುಟ್ಟುವ ಚಟುವಟಿಕೆಯನ್ನು ಇಟ್ಟುಕೊಳ್ಳಲಿಲ್ಲ.

ಮೊದಲ ಪ್ರಶ್ನೆ, ಬೆನ್ನ ಮೇಲೆ ಫಲಕಗಳಿವೆಯೇ? ಫಲಕಗಳಿಲ್ಲದೆ ಚರ್ಮದಂತಹ ಬೆನ್ನಿನ ಮೇಲೆ ಉದ್ದುದ್ದ ಏಣುಗಳಿದ್ದರೆ ಅದು ಲೆದರ್‌ಬ್ಯಾಕ್, ಅದರ ಈಜುಗಾಲಲ್ಲಿ ಉಗುರೂ ಇರುವುದಿಲ್ಲ. ಇದು ಅರ್ಧ ನಿಮಿಷದಲ್ಲಿ ಮುಗಿಯಿತು.

ಎರಡನೇ ಪ್ರಶ್ನೆಗೆ ಅವಧಿಯ ಅರ್ಧ ಭಾಗ ಹೋಯಿತು. ಬೆನ್ನಿನ ನಡುವೆ ಒಂದು ಸಾಲು ಫಲಕಗಳಿವೆ, ಚಿಪ್ಪಿನ ಸುತ್ತ ಅಂಚಿಗೆ ಸಣ್ಣ ಫಲಕಗಳಿವೆ. ಇವೆರಡರ ನಡುವೆ ಎಡಬಲಗಳಲ್ಲಿ ಇರುವವು ಪಕ್ಕೆಫಲಕಗಳು, ಎಣಿಸಬೇಕಾದದ್ದು ಇವನ್ನು ಮಾತ್ರ. ಪ್ರತಿ ಬದಿಗೆ ನಾಲ್ಕಿದ್ದರೆ ಹಸಿರು ಆಮೆ ಅಥವಾ ಹಾಕ್ಸ್‌ಬಿಲ್. ಐದಿದ್ದರೆ ಸಾಮಾನ್ಯವಾಗಿ ಲಾಗರ್‌ಹೆಡ್. ಆರು ಅಥವಾ ಹೆಚ್ಚಿದ್ದರೆ ಆಲಿವ್ ರಿಡ್ಲೆ. ರಿಡ್ಲೆಯಲ್ಲಿ ಎರಡು ಬದಿಯ ಎಣಿಕೆ ಸಮನಾಗಿಲ್ಲದಿರುವುದೂ ಸಾಮಾನ್ಯ, ಆದ್ದರಿಂದ ಎರಡೂ ಬದಿ ಎಣಿಸಲೇಬೇಕು.

ಐದು ತಂಡಗಳಲ್ಲಿ ನಾಲ್ಕು ‘ಎಡ 6, ಬಲ 7’ ಎಂದು ಬರೆದವು. ಒಂದು ತಂಡ ಎಡಬದಿಯನ್ನಷ್ಟೇ ಎಣಿಸಿ 5 ಎಂದು ಬರೆದು ಲಾಗರ್‌ಹೆಡ್ ಎಂದಿತು. ಈ ಉತ್ತರವನ್ನು ನಾನು ಕೂಡಲೇ ತಿದ್ದಲಿಲ್ಲ. ಭಾರತದ ಹಳೆಯ ವರದಿಗಳಲ್ಲೂ ರಿಡ್ಲೆಗಳನ್ನು ಲಾಗರ್‌ಹೆಡ್ ಎಂದು ದಾಖಲಿಸಿದ್ದುಂಟು. ತಂಡಕ್ಕೆ ಒಂದೇ ಪ್ರಶ್ನೆ ಕೇಳಿದೆ: ‘ನೀವು ಒಂದು ಎಂದು ಎಣಿಸಿದ ಫಲಕ ಕುತ್ತಿಗೆಯ ಹಿಂದಿನ ಫಲಕಕ್ಕೆ ತಾಗಿದೆಯಾ?’

ಈ ಪ್ರಶ್ನೆಗೆ ಕಾರಣವಿದೆ. ಲಾಗರ್‌ಹೆಡ್ ಮತ್ತು ರಿಡ್ಲೆಯಲ್ಲಿ ಮೊದಲ ಪಕ್ಕೆಫಲಕ ಚಿಕ್ಕದಾಗಿದ್ದು, ಕುತ್ತಿಗೆ ಫಲಕಕ್ಕೆ ತಾಗಿರುತ್ತದೆ. ಹಸಿರು ಆಮೆ ಮತ್ತು ಹಾಕ್ಸ್‌ಬಿಲ್‌ನಲ್ಲಿ ತಾಗುವುದಿಲ್ಲ. ತಂಡದವರು ‘ತಾಗಿಲ್ಲ’ ಎಂದರು. ತಾಗಿಲ್ಲ ಎಂದಾದರೆ ಎಣಿಕೆ ನಾಲ್ಕಾಗಬೇಕಿತ್ತು, ಆದರೆ ಅವರಿಗೆ ಐದು ಬಂದಿದೆ. ಎರಡೂ ಒಟ್ಟಿಗೆ ಹೊಂದುವುದಿಲ್ಲ. ‘ಹಾಗಾದ್ರೆ ಒಂದು ಬಿಟ್ಟುಹೋಗಿದೆ’ ಎಂದು ಹುಡುಗಿಯೊಬ್ಬಳು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದಳು. ಬಾರ್ನಕಲ್‌ಗಳು ಅಂಟಿಕೊಂಡು ಮರಳು ಮೆತ್ತಿದ್ದ ಜಾಗದಲ್ಲಿ ಚಿಕ್ಕ ಮೊದಲ ಫಲಕದ ಗೆರೆ ಕಂಡಿತು. ಎಣಿಕೆ ಆರಾಯಿತು.

ಮೂರನೆಯದು ತಲೆ. ಎರಡು ಕಣ್ಣುಗಳ ನಡುವೆ, ಮೂಗಿನ ಹೊಳ್ಳೆಗಳ ಹಿಂದೆ ಇರುವ ಹುರುಪೆಗಳನ್ನು ನೋಡಬೇಕು. ಅಲ್ಲಿ ಒಂದೇ ಜೋಡಿ ಇದ್ದರೆ ಹಸಿರು ಆಮೆ, ಎರಡು ಜೋಡಿ ಇದ್ದರೆ ಉಳಿದ ಮೂರರಲ್ಲಿ ಒಂದು. ನಮ್ಮ ಚಿತ್ರದಲ್ಲಿ ಎರಡು ಜೋಡಿ ಇತ್ತು. ಹೀಗಾಗಿ ‘ಹಸಿರು ಆಮೆ’ ಎಂಬ ಮೊದಲ ಊಹೆ ಎರಡು ಕಡೆಯಿಂದಲೂ ಬಿದ್ದುಹೋಯಿತು.

ಉಗುರನ್ನು ನಾನು ಬೇಕೆಂದೇ ಕೊನೆಗಿಟ್ಟೆ. ಪ್ರತಿ ಈಜುಗಾಲಿಗೆ ಹಸಿರು ಆಮೆಯಲ್ಲಿ ಸಾಮಾನ್ಯವಾಗಿ ಒಂದು, ಹಾಕ್ಸ್‌ಬಿಲ್‌ನಲ್ಲಿ ಎರಡು. ಆದ್ದರಿಂದ ನಾಲ್ಕು ಪಕ್ಕೆಫಲಕ ಸಿಕ್ಕಾಗ ಇವೆರಡನ್ನು ಬೇರ್ಪಡಿಸಲು ತಲೆಯ ಜೊತೆಗೆ ಉಗುರೂ ನೆರವಾಗುತ್ತದೆ. ರಿಡ್ಲೆಯಲ್ಲಿ ಒಂದೂ ಕಾಣಬಹುದು, ಎರಡೂ ಕಾಣಬಹುದು. ನಮ್ಮ ಆಮೆಗೆ ಒಂದೇ ಕಾಣುತ್ತಿತ್ತು. ಉಗುರಿನಿಂದ ಆರಂಭಿಸಿದ್ದರೆ ತರಗತಿ ನೇರವಾಗಿ ಹಸಿರು ಆಮೆಗೇ ಹೋಗುತ್ತಿತ್ತು.

ಐದೋ ಆರೋ ಎಂಬ ಸಂಶಯ ಉಳಿದರೆ ಹೊಟ್ಟೆಯ ಬದಿ ತೀರ್ಮಾನಿಸುತ್ತದೆ. ಮೇಲಿನ ಚಿಪ್ಪನ್ನೂ ಹೊಟ್ಟೆಯ ಚಿಪ್ಪನ್ನೂ ಸೇರಿಸುವ ಫಲಕಗಳು ರಿಡ್ಲೆಯಲ್ಲಿ ಪ್ರತಿ ಬದಿಗೆ ನಾಲ್ಕು, ಅವುಗಳಲ್ಲಿ ಸಣ್ಣ ರಂಧ್ರಗಳಿರುತ್ತವೆ. ಲಾಗರ್‌ಹೆಡ್‌ನಲ್ಲಿ ಸಾಮಾನ್ಯವಾಗಿ ಮೂರು, ರಂಧ್ರಗಳಿಲ್ಲ. ಆದರೆ ಆಮೆಯನ್ನು ಮಗುಚುವುದು ಇಲಾಖೆಯವರ ಕೆಲಸ.

ಕೊಳೆತ ಆಮೆಯ ಬಗ್ಗೆ ಮಾರ್ಗದರ್ಶಕ ಶಿಕ್ಷಕರು ಪಾಠದ ನಂತರ ಕೇಳಿದರು. ದಿನ ಕಳೆದಂತೆ ಫಲಕಗಳು ಕಳಚಿ ಕೆಳಗಿನ ಮೂಳೆ ಕಾಣುತ್ತದೆ. ಮೂಳೆಗಳ ಕೂಡುಗೆರೆಗಳು ಫಲಕಗಳ ಗೆರೆಗಳ ಜಾಗದಲ್ಲೇ ಇರುವುದಿಲ್ಲ, ಹಾಗಾಗಿ ಅವನ್ನು ಎಣಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಆಗ ತಲೆಯ ಹುರುಪೆ ಉಳಿದಿದೆಯೇ ಎಂದು ನೋಡಬೇಕು. ಅದೂ ಇಲ್ಲದಿದ್ದರೆ ದಾಖಲೆ ಪುಸ್ತಕದಲ್ಲಿ ದಿನಾಂಕ, ಸ್ಥಳ, ಉದ್ದ ಬರೆದು ಜಾತಿಯ ಮುಂದೆ ‘ತಿಳಿಯಲಿಲ್ಲ’ ಎಂದು ಬರೆಯುವಂತೆ ಮರುದಿನ ಮಕ್ಕಳಿಗೆ ಹೇಳಿದೆ.