ಇಂಗ್ಲಿಷ್ ಬಾಡಿಗೆ ಕರಾರು: ಸಹಿಗೆ ಮೊದಲು ಕನ್ನಡಕ್ಕೆ ತನ್ನಿ

ಕಂಪ್ಲಿಯಲ್ಲಿ ಮನೆ ಬಾಡಿಗೆಯ ಮಾತುಕತೆ ಕನ್ನಡದಲ್ಲೋ ತೆಲುಗಿನಲ್ಲೋ ನಡೆಯುತ್ತದೆ. ಕರಾರು ಪತ್ರ ಮಾತ್ರ ಎಷ್ಟೋ ಸಲ ಇಂಗ್ಲಿಷಿನಲ್ಲಿ ಬರುತ್ತದೆ. ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಯಾವುದೋ ದೊಡ್ಡ ಊರಿನ ನಮೂನೆ ಇರುತ್ತದೆ. ಹೆಸರು, ಮೊತ್ತ ಬದಲಿಸಿ ಕೊಟ್ಟುಬಿಡುತ್ತಾರೆ. ‘ಇಂಗ್ಲಿಷ್ ಬರುತ್ತಿರಲಿಲ್ಲ, ನಂಬಿ ಸಹಿ ಹಾಕಿದೆ’ ಎಂಬ ಮಾತು ಆಮೇಲೆ ಅಷ್ಟಾಗಿ ಕೈಹಿಡಿಯುವುದಿಲ್ಲ. ತಪ್ಪು ಮಾಹಿತಿ ಕೊಟ್ಟು ಒಪ್ಪಿಸಿದ ಕರಾರನ್ನು ರದ್ದುಪಡಿಸಲು 1872ರ ಕರಾರು ಕಾಯ್ದೆಯ 19ನೇ ಕಲಂ ಅವಕಾಶ ಕೊಟ್ಟಿದೆ, ನಿಜ. ಆದರೆ ಸಾಮಾನ್ಯ ಎಚ್ಚರಿಕೆಯಿಂದ ಸತ್ಯ ತಿಳಿದುಕೊಳ್ಳಬಹುದಿತ್ತು ಎಂದಾದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಬಾಡಿಗೆ ತಿಂಗಳಿಗೆ 6,000 ರೂಪಾಯಿ, ಅಡ್ವಾನ್ಸ್ 40,000, ಅವಧಿ 11 ತಿಂಗಳು. (ಹನ್ನೊಂದೇ ಏಕೆಂದರೆ, ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಲೇಬೇಕು.) ಪತ್ರದಲ್ಲಿ ಆರು ತಿಂಗಳ ‘ಲಾಕ್-ಇನ್’ ಇದೆ, ಎರಡು ತಿಂಗಳ ನೋಟಿಸ್ ಇದೆ. ಅವಸರದ ಅನುವಾದ ಹೀಗಿರುತ್ತದೆ: ‘ಲಾಕ್-ಇನ್ ಅವಧಿಯು ಆರು ತಿಂಗಳದ್ದಾಗಿದ್ದು, ಎರಡು ತಿಂಗಳ ನೋಟಿಸ್ ನೀಡತಕ್ಕದ್ದು.’ ಯಾರು ಯಾರಿಗೆ ನೋಟಿಸ್ ಕೊಡಬೇಕು? ಕೊಡದಿದ್ದರೆ ಏನು? ಈ ಸಾಲಿನಲ್ಲಿ ಉತ್ತರವಿಲ್ಲ.

ಬಾಡಿಗೆದಾರರಿಗೆ ಬೇಕಾದ ಕನ್ನಡ ಇದು: ‘ಬಾಡಿಗೆದಾರರು ಮೊದಲ ಆರು ತಿಂಗಳೊಳಗೆ ಮನೆ ಬಿಟ್ಟರೆ, ಆ ಆರರಲ್ಲಿ ಉಳಿದ ತಿಂಗಳುಗಳ ಬಾಡಿಗೆಯನ್ನು ಮಾಲೀಕರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಬಹುದು.’ ನಾಲ್ಕನೇ ತಿಂಗಳ ಕೊನೆಗೆ ಬಿಟ್ಟರೆ 12,000 ರೂಪಾಯಿ ಹೋಗುತ್ತದೆ. ಇನ್ನು ನೋಟಿಸ್. ಎರಡು ತಿಂಗಳನ್ನು ಆ ಆರರೊಳಗೇ ಎಣಿಸುವುದೋ, ಆರು ಮುಗಿದ ಮೇಲೆಯೋ? ಒಳಗೇ ಎಂದಾದರೆ ಹೋಗುವುದು ಅಷ್ಟೇ. ಆಮೇಲೆ ಎಂದಾದರೆ ಇನ್ನೂ 12,000 ಸೇರಿ, 40,000ದಲ್ಲಿ ಕೈಗೆ ಬರುವುದು 16,000 ಮಾತ್ರ. ಇಂಗ್ಲಿಷ್ ಮೂಲವೇ ಇದನ್ನು ಹೇಳದಿದ್ದರೆ ಅನುವಾದಕರು ತಾವೇ ತೀರ್ಮಾನಿಸಬಾರದು. ಮಾಲೀಕರನ್ನು ಕೇಳಿ, ಉತ್ತರವನ್ನು ಎರಡೂ ಪ್ರತಿಗಳಲ್ಲಿ ಬರೆಸಬೇಕು. ಬಾಯಿಮಾತಿನಲ್ಲಿ ‘ಅದೆಲ್ಲ ಹಿಡಿಯೋದಿಲ್ಲ ಬಿಡಪ್ಪ’ ಎಂದದ್ದು, ಬರೆದ ಷರತ್ತಿಗೆ ವಿರುದ್ಧವಾಗಿ ಕೋರ್ಟಿನಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ದಂಡದಂಥ ಮೊತ್ತ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಅದನ್ನು ಮೀರದ ನ್ಯಾಯವಾದ ಪರಿಹಾರವನ್ನಷ್ಟೇ ಎಂದು ಕರಾರು ಕಾಯ್ದೆಯ 74ನೇ ಕಲಂ ಹೇಳುತ್ತದೆ. ಆದರೆ ಅಡ್ವಾನ್ಸ್ ಮಾಲೀಕರ ಕೈಯಲ್ಲಿರುವುದರಿಂದ, ಕೋರ್ಟಿನ ಮೆಟ್ಟಿಲು ಹತ್ತುವ ಕೆಲಸ ಬಾಡಿಗೆದಾರರದೇ ಆಗುತ್ತದೆ.

ಎರಡನೇ ಜಗಳ ಸುಣ್ಣಬಣ್ಣದ್ದು. ‘ಪಡೆದ ಸ್ಥಿತಿಯಲ್ಲೇ ಮನೆ ಹಿಂತಿರುಗಿಸತಕ್ಕದ್ದು’ ಎಂದಷ್ಟೇ ಅನುವಾದಿಸಿದ್ದರೆ ಮೂಲವನ್ನು ಮತ್ತೊಮ್ಮೆ ನೋಡಿ; ‘ಸಹಜ ಸವೆತ ಬಿಟ್ಟು’ ಎಂಬ ಮಾತು ಅಲ್ಲಿರಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಆ ವಿನಾಯಿತಿ ಕೊಟ್ಟಿದೆ, ಆದರೆ ಕರಾರು ಬೇರೆ ಹೇಳದಿದ್ದಾಗ ಮಾತ್ರ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಎಂದು ಬರೆದಿದ್ದರೆ, ಗೋಡೆ ಹೇಗೇ ಇರಲಿ ಮುರಿಯುತ್ತಾರೋ, ಕೆಟ್ಟಿದ್ದರೆ ಮಾತ್ರವೋ ಎಂದು ಕನ್ನಡದಲ್ಲಿ ಬಿಡಿಸಿ ಬರೆಯಿರಿ. ಮನೆಗೆ ಬಂದ ದಿನವೇ ಗೋಡೆ, ನಲ್ಲಿಗಳ ಫೋಟೊ ತೆಗೆದು ಮಾಲೀಕರ ಮೊಬೈಲಿಗೆ ಕಳಿಸಿಡುವುದು ಒಳ್ಳೆಯದು. ಕರಾರಿನಲ್ಲಿ ಇಲ್ಲದ ವಿಷಯಗಳನ್ನೂ ಅನುವಾದದ ಕೊನೆಗೆ ಒಂದು ಟಿಪ್ಪಣಿಯಾಗಿ ಸೇರಿಸಿ: ಅವಧಿಯ ಮಾತೂ ನೋಟಿಸಿನ ಮಾತೂ ಇಲ್ಲದಿದ್ದರೆ ವಾಸದ ಬಾಡಿಗೆಗೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನ 15 ದಿನಗಳ ನೋಟಿಸ್ ಅನ್ವಯಿಸುತ್ತದೆ.

ಕರಾರಿನ ಶೀರ್ಷಿಕೆಯಲ್ಲೂ ಒಂದು ಗೊಂದಲವಿದೆ. ನಮ್ಮ ಕಡೆ ‘ಲೀಸ್’ ಎಂದರೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ಹಿಂಪಡೆಯುವ ಭೋಗ್ಯ. ಇಂಗ್ಲಿಷ್ ಪತ್ರದ ‘ಲೀಸ್ ಡೀಡ್’ ತಿಂಗಳ ಬಾಡಿಗೆಯದೇ ಆಗಿರಬಹುದು. ತಲೆಬರಹವನ್ನು ಬಿಟ್ಟು ಹಣದ ಷರತ್ತನ್ನು ಓದಿ.

ಅನುವಾದ ಸಿದ್ಧವಾದ ಮೇಲೆ ಅದಕ್ಕೆ ಬಲ ಎಷ್ಟು? ಬಾಡಿಗೆದಾರರ ಬಳಿ ಮಾತ್ರ ಇರುವ, ಮಾಲೀಕರ ಸಹಿಯಿಲ್ಲದ ಕನ್ನಡ ಪ್ರತಿ ತಿಳಿವಳಿಕೆಗಷ್ಟೇ. ಮಾಲೀಕರು ಇಂಗ್ಲಿಷ್ ಬೇಕೆಂದರೆ, ಎರಡೂ ಪ್ರತಿಗಳ ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ, ‘ಅರ್ಥದಲ್ಲಿ ವ್ಯತ್ಯಾಸ ಬಂದರೆ ಕನ್ನಡ ಪ್ರತಿಯೇ ಅಂತಿಮ’ ಎಂದು ಎರಡರಲ್ಲೂ ಬರೆಸಬೇಕು. ಅದಕ್ಕಿಂತ ಸುಲಭದ ದಾರಿ, ಕನ್ನಡ ಪತ್ರವನ್ನೇ ಮೂಲವನ್ನಾಗಿ ಮಾಡಿಕೊಳ್ಳುವುದು. ಬಾಡಿಗೆ ಕರಾರು ಇಂಗ್ಲಿಷಿನಲ್ಲೇ ಇರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಓದಲು ಬಾರದವರು ಹೆಬ್ಬೆಟ್ಟು ಒತ್ತುವುದಾದರೆ, ‘ಓದಿಸಿ ಕೇಳಿ ಒಪ್ಪಿದ್ದೇನೆ’ ಎಂಬ ಸಾಲಿನ ಜೊತೆಗೆ ಓದಿ ಹೇಳಿದವರ ಹೆಸರು, ಸಹಿಯೂ ಇರಲಿ. ಸಂದೇಹವಿದ್ದರೆ 15100ಕ್ಕೆ ಕರೆ ಮಾಡಿ ಕಾನೂನು ಸೇವೆಗಳ ಪ್ರಾಧಿಕಾರದ ಸಲಹೆ ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.