ಬಂಗು ಮತ್ತು ಬಣ್ಣದ ಸನ್‌ಸ್ಕ್ರೀನ್

ಗರ್ಭಿಣಿಯರಲ್ಲಿಯೂ, ಸಂತಾನ ನಿಯಂತ್ರಣದ ಗುಳಿಗೆ ಸೇವಿಸುವ ಕೆಲವು ಸ್ತ್ರೀಯರಲ್ಲಿಯೂ ಕೆನ್ನೆ, ಹಣೆಗಳ ಮೇಲೆ ಬಂಗು ಮೂಡುವುದುಂಟು. ಬಿಸಿಲಿನ ಅತಿನೇರಳೆ ಕಿರಣಗಳಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಇದನ್ನು ಕಪ್ಪಾಗಿಸುತ್ತದೆ.

ಗುಳಿಗೆ ಸೇವಿಸುವ ಗೃಹಿಣಿಯೊಬ್ಬಳು ಬಿಳಿಯ ಸನ್‌ಸ್ಕ್ರೀನ್ ಲೇಪಿಸಿ ಹೊಲಕ್ಕೆ ಹೋದರೂ ಕಲೆ ಗಾಢವಾಗಬಹುದು. ಆ ಲೇಪವು ಕಾಣುವ ಬೆಳಕನ್ನು ಬಹುಮಟ್ಟಿಗೆ ಒಳಬಿಡುತ್ತದೆ. ಕೆಮ್ಮಣ್ಣಿಗೆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡನ್ನು ಬೆರೆಸಿದ, ಮೈಬಣ್ಣದ ಸನ್‌ಸ್ಕ್ರೀನ್ ಆ ಬೆಳಕನ್ನು ಹೀರಿ ತಡೆಯುತ್ತದೆ. ಕೊಳ್ಳುವಾಗ ಘಟಕಗಳ ಪಟ್ಟಿಯಲ್ಲಿ ಐರನ್ ಆಕ್ಸೈಡ್ ಹೆಸರಿರುವುದನ್ನು ನೋಡಿರಿ. ಕೆಮ್ಮಣ್ಣನ್ನೇ ಮುಖಕ್ಕೆ ಹಚ್ಚಬಾರದು.

ಮುಖ, ಕತ್ತುಗಳಿಗೆ ಎರಡು ಬೆರಳುದ್ದದಷ್ಟು ಲೇಪ ಬೇಕು. ತೆಳುವಾಗಿ ಸವರಿದರೆ ಫಲ ಕಡಿಮೆ. ಬಿಸಿಲಿನಲ್ಲಿರುವಾಗ 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇದು ಇರುವ ಕಲೆಯನ್ನು ಅಳಿಸದು, ಹೆಚ್ಚದಂತೆ ಕಾಯುತ್ತದೆ. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸದೆ, ಬೇರೆ ವಿಧಾನದ ಬಗ್ಗೆ ದಂಪತಿಗಳಿಬ್ಬರೂ ವೈದ್ಯರೊಡನೆ ವಿಚಾರಿಸತಕ್ಕದ್ದು.